ಬೀಗರ ಮಾತುಕತೆ: ಧಾರೆಯ ಗಳಿಗೆ ಮತ್ತು ಜೀರಿಗೆ-ಬೆಲ್ಲದ ಗಳಿಗೆ

ಮಡಕಶಿರಾ ಸೀಮೆಯ ಅಗಳಿಯ ಸುತ್ತಿನ ಊರುಗಳಲ್ಲಿ ಕನ್ನಡ ಮನೆಮಾತಾಗಿರುವ ಕುಟುಂಬಗಳು ತೆಲುಗು ಮನೆಗಳೊಡನೆ ಸಂಬಂಧ ಬೆಳೆಸುವುದು ಅಪರೂಪವಲ್ಲ. ಒಂದು ಕಡೆ ಶಿರಾ, ಇನ್ನೊಂದು ಕಡೆ ಹಿಂದೂಪುರ. ಬಾಸಿಂಗ, ಅಂತರಪಟ, ಸಪ್ತಪದಿ, ಅರುಂಧತಿ ದರ್ಶನ ಇವೆಲ್ಲ ಎರಡೂ ಕಡೆ ಇರುವುದರಿಂದ ಚರ್ಚೆಗೆ ಅವಕಾಶವೇ ಇಲ್ಲವೆಂದು ತೋರುತ್ತದೆ. ಆದರೆ ಲಗ್ನಪತ್ರಿಕೆ ಬರೆಸುವ ಹೊತ್ತಿಗೆ ಒಂದು ಪ್ರಶ್ನೆ ಏಳುತ್ತದೆ: ಮುಹೂರ್ತದ ಗಳಿಗೆಯಲ್ಲಿ ನಡೆಯಬೇಕಾದುದು ಏನು?

ಹಳೆಯ ಮೈಸೂರು ಸೀಮೆಯ ಕನ್ನಡ ಮನೆಗಳಲ್ಲಿ ಇದಕ್ಕೆ ಉತ್ತರ ಧಾರೆ. ಕನ್ಯೆಯ ತಂದೆತಾಯಿಗಳು ವಧೂವರರ ಕೈಗಳ ಮೇಲೆ ನೀರೆರೆಯುವ ಕ್ಷಣವೇ ಮುಹೂರ್ತ. ಆಮಂತ್ರಣದಲ್ಲಿ 'ಧಾರಾಮುಹೂರ್ತ' ಎಂದೇ ಅಚ್ಚಾಗುತ್ತದೆ. ತೆಲುಗು ಮನೆಗಳಲ್ಲಿ ಕನ್ಯಾದಾನ ಸಾಮಾನ್ಯವಾಗಿ ಮೊದಲೇ ಮುಗಿದಿರುತ್ತದೆ. ವಧೂವರರು ಒಬ್ಬರ ನೆತ್ತಿಯ ಮೇಲೊಬ್ಬರು ಜೀರಿಗೆ-ಬೆಲ್ಲದ ಉಂಡೆಯನ್ನಿಡುವ ಕ್ಷಣವೇ ಅಲ್ಲಿ 'ಸುಮುಹೂರ್ತಂ'. ಅದನ್ನು ನಿಮಿಷದ ಲೆಕ್ಕದಲ್ಲಿ ಪಾಲಿಸುತ್ತಾರೆ. ಜೀರಿಗೆ-ಬೆಲ್ಲ ಕನ್ನಡ ಮದುವೆಗಳಲ್ಲಿಯೂ ಉಂಟು. ಆದ್ದರಿಂದ ಭೇದವಿರುವುದು ಆಚರಣೆಯಲ್ಲಿ ಅಲ್ಲ, ಯಾವುದಕ್ಕೆ ಮುಹೂರ್ತದ ಪಟ್ಟವೆಂಬುದರಲ್ಲಿ.

ಇಂತಹ ಭೇದವನ್ನು ಶಾಸ್ತ್ರಕಾರರು ಮೊದಲೇ ಕಂಡಿದ್ದರು. ಆಶ್ವಲಾಯನ ಗೃಹ್ಯಸೂತ್ರವು ವಿವಾಹಪ್ರಕರಣದ ಆರಂಭದಲ್ಲಿಯೇ, ದೇಶಧರ್ಮ ಗ್ರಾಮಧರ್ಮಗಳು ಬಗೆಬಗೆಯಾಗಿವೆ, ಮದುವೆಯಲ್ಲಿ ಅವನ್ನು ಅನುಸರಿಸತಕ್ಕದ್ದು, ಎಲ್ಲರಿಗೂ ಸಮಾನವಾದುದನ್ನಷ್ಟೇ ತಾನು ಹೇಳುವೆನೆಂದು ಸೂಚಿಸುತ್ತದೆ. ಆಪಸ್ತಂಬ ಗೃಹ್ಯಸೂತ್ರವು ಇನ್ನೂ ಮುಂದೆ ಹೋಗಿ, ರೂಢಿಯ ವಿಧಿಗಳನ್ನು ಸ್ತ್ರೀಯರಿಂದ ತಿಳಿಯಬೇಕೆನ್ನುತ್ತದೆ. 1955ರ ಹಿಂದೂ ವಿವಾಹ ಕಾಯ್ದೆಯ 7ನೆಯ ಕಲಮು ಕೂಡ ಉಭಯರಲ್ಲಿ ಯಾವುದಾದರೂ ಒಂದು ಪಕ್ಷದ ರೂಢಿಯಂತೆ ಮದುವೆ ನಡೆಯಬಹುದೆಂದು ಹೇಳುತ್ತದೆ. ಹಾಗಾಗಿ 'ಇದು ಶಾಸ್ತ್ರ, ಅದು ಶಾಸ್ತ್ರವಲ್ಲ' ಎಂದು ವಾದಿಸಲು ನೆಲೆಯಿಲ್ಲ. ಉಳಿಯುವುದು ಮನಸ್ಸುಗಳನ್ನು ಹೊಂದಿಸುವ ಕೆಲಸ.

ಒಂದು ಕಲ್ಪಿತ ನಿದರ್ಶನವನ್ನು ನೋಡೋಣ. ಹೆಣ್ಣು ಅಗಳಿಯ ಕನ್ನಡ ಮನೆಯವಳು, ಗಂಡು ಹಿಂದೂಪುರದ ತೆಲುಗು ಮನೆಯವನು. ಲಗ್ನದ ಅವಧಿ 10-00ರಿಂದ 11-30. ಗಂಡಿನ ಕಡೆಯ ಪುರೋಹಿತರು ಇಟ್ಟ ಗಳಿಗೆ 10-40. ಹೆಣ್ಣಿನ ತಾಯಿ ತಮ್ಮ ಬೇಡಿಕೆಯನ್ನು ಮುಂದಿಡದೆ ಕೇಳುತ್ತಾರೆ: "ಅಕ್ಕಾ, ನಿಮ್ಮ ಮನೆಯಲ್ಲಿ ಯಾವುದು ತಪ್ಪಿದರೆ ಹಿರಿಯರ ಮನಸ್ಸಿಗೆ ನೋವಾಗುತ್ತದೆ?" ಬೀಗಿತ್ತಿ ಹೇಳುತ್ತಾರೆ: "ಜೀರಿಗೆ-ಬೆಲ್ಲ ಆ ನಿಮಿಷಕ್ಕೇ ಆಗಬೇಕಮ್ಮಾ. ಮಿಕ್ಕದ್ದು ನಿಮ್ಮಿಷ್ಟ." ಆಗ ಇವರು ತಮ್ಮದನ್ನು ತಿಳಿಸುತ್ತಾರೆ: "ನಮ್ಮ ಮಾವನವರಿಗೆ ಧಾರೆ ಲಗ್ನದೊಳಗೇ ಆಗಬೇಕು, ಅವರೂ ಕೈಹಿಡಿದು ನೀರೆರೆಯಬೇಕೆಂಬ ಆಸೆ." ಕೇಳಿದೊಡನೆಯೇ ದಾರಿ ಕಾಣುತ್ತದೆ. 10-15ಕ್ಕೆ ಧಾರೆ, 10-40ಕ್ಕೆ ಜೀರಿಗೆ-ಬೆಲ್ಲ, ಅನಂತರ ಮಾಂಗಲ್ಯಧಾರಣೆ. ಎರಡೂ ಒಂದೇ ಲಗ್ನದೊಳಗೆ ಸೇರಿದವು.

ಈ ಹೊಂದಾಣಿಕೆಗೂ ಮಿತಿಯುಂಟು. ಅವಧಿ ಕಿರಿದಾಗಿದ್ದರೆ ಎರಡೂ ಹಿಡಿಸುವುದಿಲ್ಲ. ಆಗ ಒಬ್ಬರು ಬಿಟ್ಟುಕೊಡಲೇಬೇಕು. ಉಭಯ ಪುರೋಹಿತರನ್ನು ಮುಂಚೆಯೇ ಕೂರಿಸಿ ಮಾತನಾಡಿಸದಿದ್ದರೆ ಮಂಟಪದಲ್ಲಿಯೇ ತಕರಾರು ಹುಟ್ಟುತ್ತದೆ. ಮಾತು ಪಕ್ವವಾಗಿಲ್ಲವೆಂಬುದಕ್ಕೆ ಒಂದು ಸ್ಪಷ್ಟ ಗುರುತು, ಎರಡು ಮನೆಯ ಆಮಂತ್ರಣಗಳಲ್ಲಿ ಮುಹೂರ್ತದ ಎರಡು ವೇಳೆಗಳು ಅಚ್ಚಾಗುವುದು. ಅಚ್ಚಿಗೆ ಕೊಡುವ ಮುನ್ನ ಎರಡೂ ಕರಡುಗಳನ್ನು ಜೊತೆಗಿಟ್ಟು ಓದುವುದು ಲೇಸು.

ಭಾಷಾವಿದ್ಯಾರ್ಥಿಗಳು ಗಮನಿಸಬೇಕಾದ ಸೂಕ್ಷ್ಮವೊಂದು ಇಲ್ಲಿದೆ. ತೆಲುಗಿನಲ್ಲಿ ಕೇಳುವವರನ್ನು ಹೊರಗಿಟ್ಟ 'ಮಾ', ಒಳಗೊಂಡ 'ಮನ' ಎಂಬ ಎರಡು ರೂಪಗಳಿವೆ. ಇಂದಿನ ಕನ್ನಡದಲ್ಲಿ ಎರಡಕ್ಕೂ 'ನಮ್ಮ' ಒಂದೇ. "ನಮ್ಮ ಪದ್ಧತಿಯಂತೆ ಮಾಡೋಣ" ಎಂದು ಹೆಣ್ಣಿನ ತಂದೆ ಎಲ್ಲರನ್ನೂ ಸೇರಿಸಿಯೇ ಹೇಳಿರಬಹುದು. ತೆಲುಗು ಬೀಗರು ಅದನ್ನು 'ಮಾ' ಎಂದು ತಿಳಿದರೆ ಹಟದ ಮಾತಾಗಿ ಕೇಳಿಸುತ್ತದೆ. ಆದುದರಿಂದ "ನಮ್ಮ ಎರಡೂ ಮನೆಯ" ಎಂದು ಬಿಡಿಸಿ ಹೇಳುವುದು, ತಮ್ಮದನ್ನು ಹೇಳುವಾಗ "ನಮ್ಮ ತಾತನ ಕಾಲದಿಂದ ನಮ್ಮ ಮನೆಯಲ್ಲಿ ನಡೆದುಬಂದದ್ದು" ಎಂದು ಮನೆಗಷ್ಟೇ ಸೀಮಿತಗೊಳಿಸುವುದು ಉಚಿತ. ಅತ್ತ ಬೀಗರು 'ಮನ ಪೆಳ್ಳಿ' ಎಂದರೆ, ಆ ಒಂದು ಅಕ್ಷರದ ಭೇದದಲ್ಲಿಯೇ ಅವರು ನಮ್ಮನ್ನು ಒಳಗೆ ಕರೆದುಕೊಂಡಿದ್ದಾರೆ ಎಂದು ತಿಳಿಯಬೇಕು.