ನಷ್ಟ ಮಿತಿ ಮುಟ್ಟಿದಾಗ ಯಾರು ನಿಲ್ಲಿಸಬೇಕು?

2012ರ ಆಗಸ್ಟ್ 1ರಂದು ಅಮೆರಿಕದ ನೈಟ್ ಕ್ಯಾಪಿಟಲ್ ಕಂಪನಿಯ ಕಂಪ್ಯೂಟರ್‌ಗಳು ಸುಮಾರು 45 ನಿಮಿಷ ತಪ್ಪು ಆರ್ಡರ್‌ಗಳನ್ನು ಕಳುಹಿಸುತ್ತಲೇ ಇದ್ದವು. ಕಳೆದುಕೊಂಡದ್ದು 44 ಕೋಟಿ ಡಾಲರ್‌ಗೂ ಹೆಚ್ಚು. ತಾನಾಗಿ ಬಾಗಿಲು ಹಾಕುವ ‘ಕಿಲ್ ಸ್ವಿಚ್’ ಅಲ್ಲಿರಲಿಲ್ಲ.

ಮನೆಯಲ್ಲೇ ಆಲ್ಗೋ ನಡೆಸುವವರಿಗೂ ಅದು ಬೇಕು. ದಿನದ ಮಿತಿ 10,000 ರೂಪಾಯಿ ಎಂದುಕೊಳ್ಳಿ. ಮುಗಿದ ವ್ಯವಹಾರಗಳಲ್ಲಿ 6,000 ಹೋಗಿದೆ, ಇನ್ನೂ ಕೈಯಲ್ಲಿರುವ ಪೊಸಿಷನ್ 4,200 ನಷ್ಟದಲ್ಲಿದೆ. ಮುಗಿದದ್ದನ್ನಷ್ಟೇ ಎಣಿಸುವ ಪ್ರೋಗ್ರಾಂ ಸುಮ್ಮನಿರುತ್ತದೆ. ಎರಡನ್ನೂ ಕೂಡಿಸುವುದು ಈಗಲೇ ನಿಲ್ಲಿಸುತ್ತದೆ. ಬ್ರೋಕರೇಜ್, ತೆರಿಗೆಗಳನ್ನೂ ಸೇರಿಸಬೇಕು.

ನಿಲ್ಲಿಸುವ ಕ್ರಮದಲ್ಲೇ ಹೆಚ್ಚಿನವರು ಎಡವುತ್ತಾರೆ. ಮೊದಲು ಹೊಸ ಆರ್ಡರ್‌ಗಳಿಗೆ ತಡೆ, ಆಮೇಲೆ ಬಾಕಿ ಆರ್ಡರ್‌ಗಳ ರದ್ದು, ಕೊನೆಗೆ ಪೊಸಿಷನ್ ಮಾರಾಟ. ಪೊಸಿಷನ್ ಮಾರಿ, ಹಳೆಯ ಸ್ಟಾಪ್‌ಲಾಸ್ ಆರ್ಡರ್ ಮರೆತರೆ ಅದು ಅರ್ಧ ಗಂಟೆಯ ನಂತರ ಜಾರಿಯಾಗಿ, ಇಲ್ಲದ ಷೇರನ್ನು ಮಾರಿ ಹೊಸ ನಷ್ಟ ತೆರೆಯುತ್ತದೆ. ಆದ್ದರಿಂದ ಬ್ರೋಕರ್‌ನಿಂದ ಪೊಸಿಷನ್ ಪಟ್ಟಿ ಮತ್ತೆ ತರಿಸಿ, ಸೊನ್ನೆಯಾಗಿದೆಯೇ ಎಂದು ನೋಡಲೇಬೇಕು.

‘ಇಂದು ನಿಂತಿದೆ’ ಎಂಬ ಗುರುತು ಡಿಸ್ಕ್‌ನಲ್ಲಿ ಉಳಿಯಲಿ. ಮೆಮೊರಿಯಲ್ಲಿ ಮಾತ್ರ ಇದ್ದರೆ, ಪ್ರೋಗ್ರಾಂ ಕುಸಿದು ಮತ್ತೆ ಶುರುವಾದಾಗ ಎಲ್ಲ ಮರೆತು ಆಟಕ್ಕೆ ಇಳಿಯುತ್ತದೆ. ಬೆಲೆಯ ಮಾಹಿತಿಯೇ ನಿಂತುಹೋದರೆ ಲೆಕ್ಕವೂ ಹೆಪ್ಪುಗಟ್ಟುತ್ತದೆ; ಕೆಲವು ಸೆಕೆಂಡು ಹೊಸ ಬೆಲೆ ಬಾರದಿದ್ದರೂ ಹೊಸ ಆರ್ಡರ್ ತಡೆಯುವುದು ಜಾಣತನ.

ಇಷ್ಟಾದರೂ ನಷ್ಟ ಸರಿಯಾಗಿ 10,000ಕ್ಕೇ ನಿಲ್ಲದು. ಬೆಲೆ ಜಿಗಿದ ಕ್ಷಣದಲ್ಲಿ ಮಾರಾಟ ಕೆಳಗಿನ ದರಕ್ಕೆ ಆಗುತ್ತದೆ. ಹಾಗಾಗಿ ನಿಜವಾಗಿ ತಾಳಬಲ್ಲ ಮೊತ್ತಕ್ಕಿಂತ ತುಸು ಕೆಳಗೇ ಮಿತಿ ಇಡಬೇಕು.