ಮಂಡಿ ಮಡಿಸಲಾಗದವರು ಕೂರುವ ಬಗೆ

ಪಾಂಡವಪುರದ ಕಡೆಯ ಹಳ್ಳಿಯಿಂದ 62 ವರ್ಷದ ತಾಯಿಯೊಬ್ಬರು ಉರಿಮೂತ್ರ ಮತ್ತು ಮಲಬದ್ಧತೆಗೆ ಔಷಧಿ ಕೇಳಿಕೊಂಡು ನನ್ನಲ್ಲಿಗೆ ಬಂದಿದ್ದರು. ವಿಚಾರಿಸಿದಾಗ, ದಿನಕ್ಕೆ ಎರಡು ಲೋಟ ನೀರನ್ನೂ ಅವರು ಕುಡಿಯುತ್ತಿರಲಿಲ್ಲವೆಂದು ತಿಳಿಯಿತು. “ನೀರು ಕುಡಿದ್ರೆ ಹೋಗ್ಬೇಕಲ್ಲ ಸ್ವಾಮಿ, ಹೋಗಿ ಕೂತ್ರೆ ಏಳಕ್ಕಾಗಲ್ಲ” ಎಂದರು. ಮಠದ ದಾಸೋಹದ ಪಂಕ್ತಿಯಲ್ಲಿ ಕುಳಿತಾಗ ಇಬ್ಬರು ರಟ್ಟೆ ಹಿಡಿದು ಎತ್ತಬೇಕಾಯಿತೆಂಬ ನಾಚಿಕೆಯಿಂದ ಮಠಕ್ಕೆ ಬರುವುದನ್ನೂ ಬಿಟ್ಟಿದ್ದರು. ರೋಗವಿದ್ದುದು ಮಂಡಿಯಲ್ಲಿ, ಅದನ್ನು ಮರೆಮಾಚಲು ಹೋಗಿ ದೇಹವೆಲ್ಲ ಬಳಲಿತ್ತು.

ಶ್ರೀರಂಗಪಟ್ಟಣ, ಪಾಂಡವಪುರದ ನಾಲಾಬಯಲಿನಲ್ಲಾಗಲಿ, ಕೆ.ಆರ್. ಪೇಟೆ, ನಾಗಮಂಗಲದ ರಾಗಿಹೊಲಗಳಲ್ಲಾಗಲಿ ನಮ್ಮ ದಿನಚರಿ ನೆಲದ ಮೇಲೆಯೇ ನಡೆಯುತ್ತದೆ. ಕಳೆ ಕೀಳಲು, ಹಾಲು ಕರೆಯಲು, ಶೌಚಕ್ಕೆ ಕುಕ್ಕರುಗಾಲು. ಊಟಕ್ಕೆ, ಪೂಜೆಗೆ ಚಕ್ಕಳಮಕ್ಕಳ. ಆರೋಗ್ಯವಾಗಿರುವ ಕೀಲು ಇದನ್ನು ಸಾಮಾನ್ಯವಾಗಿ ತಾಳಿಕೊಳ್ಳುತ್ತದೆ. ಆದರೆ ಕೀಲು ಸವೆದಾಗ ಮಂಡಿ ಹೆಚ್ಚು ಮಡಿಸಿದಷ್ಟೂ ಒಳಗಿನ ಒತ್ತಡ ಹೆಚ್ಚುತ್ತದೆ. ಚರಕಸಂಹಿತೆಯು ಸಂಧಿಗತವಾತವನ್ನು ವಿವರಿಸುವಾಗ, ಗಾಳಿ ತುಂಬಿದ ತೊಗಲ ಚೀಲದಂತಹ ಊತವನ್ನೂ ಮಡಿಸಿ ನೀಡುವಾಗಿನ ನೋವನ್ನೂ ಹೇಳುತ್ತದೆ. ತೈಲಾಭ್ಯಂಗದಿಂದ ನೋವು, ಬಿಗಿತ ತಗ್ಗಬಹುದು. ಸವೆದದ್ದು ಮರಳಿ ಬೆಳೆಯುವುದಿಲ್ಲ. ಆದ್ದರಿಂದ ಕೂರುವ ಎತ್ತರವನ್ನು ಬದಲಿಸಿಕೊಳ್ಳುವುದೂ ಚಿಕಿತ್ಸೆಯ ಭಾಗವೇ.

ಆ ತಾಯಿಗೆ ಮೊದಲು ಶೌಚಾಲಯವನ್ನು ಸರಿಪಡಿಸಿದೆವು. ನಡುವೆ ರಂಧ್ರವಿರುವ ಕುರ್ಚಿಯನ್ನು ನೆಲದ ಬೇಸಿನ್ನಿನ ಮೇಲೆ ಇರಿಸಿ, ಕೈಗೆಟಕುವಂತೆ ಗೋಡೆಗೆ ಕಬ್ಬಿಣದ ಹಿಡಿ ಹಾಕಿಸಲಾಯಿತು. ಪಾದ ಪೂರ್ತಿ ನೆಲಕ್ಕೆ ತಾಗಬೇಕು. ಕುಳಿತಾಗ ಸೊಂಟವು ಮಂಡಿಗಿಂತ ತುಸು ಮೇಲಿರಬೇಕು. ಕುರ್ಚಿಯ ಕಾಲುಗಳಿಗೆ ರಬ್ಬರ್ ಬಿರಡೆ ಇಲ್ಲದಿದ್ದರೆ ಒದ್ದೆ ನೆಲದಲ್ಲಿ ಅದು ಜಾರುತ್ತದೆ. ಭಯ ಹೋದಮೇಲೆ ಅವರು ನೀರು ಕುಡಿಯತೊಡಗಿದರು. ಹಾಲು ಕರೆಯಲು ಒಂದಡಿ ಎತ್ತರದ ಗಟ್ಟಿ ಸ್ಟೂಲು ಬಂತು.

ಪೂಜೆಯ ವಿಷಯದಲ್ಲಿ ಅವರು ಸುಲಭವಾಗಿ ಒಪ್ಪಲಿಲ್ಲ. ಹಾಗಾಗಿ ಪರೀಕ್ಷಿಸಿ ನೋಡೋಣವೆಂದೆ. ಜಮಖಾನವನ್ನು ಆರು ಅಂಗುಲ ದಪ್ಪಕ್ಕೆ ಮಡಿಸಿ, ಅದರ ಅಂಚಿನಲ್ಲಿ ಕುಳಿತು ಕಾಲನ್ನು ಸಡಿಲವಾಗಿ ಮಡಿಸಬೇಕು. ಇಪ್ಪತ್ತು ನಿಮಿಷಕ್ಕೊಮ್ಮೆ ಕಾಲು ನೀಡಬೇಕು. ಆ ರಾತ್ರಿ ಅಥವಾ ಮರುದಿನ ಬೆಳಗ್ಗೆ ನೋವು, ಊತ ಹೆಚ್ಚಿದರೆ ಆ ಎತ್ತರ ಸಾಲದೆಂದು ಅರ್ಥ. ಇವರಿಗೆ ಮೂರು ದಿನವೂ ಊತ ಹೆಚ್ಚಿತು. ಕೊನೆಗೆ ಕೈಯಿರುವ ಕುರ್ಚಿಯಲ್ಲಿ ಕುಳಿತು, ಎಡಮೊಣಕೈಗೆ ದಿಂಬಿನ ಆಸರೆ ಕೊಟ್ಟು, ಅಂಗೈಯಲ್ಲಿ ಇಷ್ಟಲಿಂಗವನ್ನಿಟ್ಟು ಪೂಜಿಸತೊಡಗಿದರು. ನೋವು ಎಳೆಯುತ್ತಿದ್ದಾಗ ನಿಲ್ಲದಿದ್ದ ದೃಷ್ಟಿ ಈಗ ನಿಲ್ಲುತ್ತದೆಂದು ಅವರೇ ಹೇಳಿದರು.

ನೆಲದಲ್ಲಿ ಕೂರಬಲ್ಲವರಿಗೂ ಅಪಾಯ ಹೆಚ್ಚಿರುವುದು ಏಳುವಾಗ. ಕುಳಿತಲ್ಲಿಂದ ನೇರವಾಗಿ ಏಳಬಾರದು, ಯಾರೂ ರಟ್ಟೆ ಹಿಡಿದು ಜಗ್ಗಬಾರದು. ಅದರಿಂದ ಭುಜವೂ ನೋಯುತ್ತದೆ. ಒಂದು ಪಕ್ಕಕ್ಕೆ ತಿರುಗಿ, ಎರಡೂ ಕೈ ಊರಿ, ಮಂಡಿಯ ಕೆಳಗೆ ಮಡಿಸಿದ ಕಂಬಳಿಯಿಟ್ಟು ಅಂಬೆಗಾಲಿಗೆ ಬನ್ನಿ. ಎದುರಿಗೆ ಅಲುಗಾಡದ ಕುರ್ಚಿಯನ್ನೋ ಮಂಚವನ್ನೋ ಹಿಡಿಯಿರಿ. ನೋವು ಕಡಿಮೆಯಿರುವ ಕಾಲಿನ ಪಾದವನ್ನು ಮುಂದೆ ಊರಿ, ಕೈಯನ್ನೂ ಆ ಕಾಲನ್ನೂ ಒತ್ತಿ ಮೇಲೇಳಿ. ಕೂರುವಾಗ ಇದೇ ಕ್ರಮ ಹಿಮ್ಮುಖವಾಗಿ. ಮಂಡಿ ಊರಲೂ ಆಗದವರು ನೆಲಕ್ಕೆ ಇಳಿಯದಿರುವುದೇ ಲೇಸು.

ತೊಡೆಯ ಬಲ ಕುಂದಬಾರದು. ಕುರ್ಚಿಯಲ್ಲಿ ಕುಳಿತು ಒಂದು ಕಾಲನ್ನು ನೇರವಾಗಿ ನೀಡಿ, ಐದು ಎಣಿಸಿ ಇಳಿಸಿ. ಪ್ರತಿ ಕಾಲಿಗೆ ಹತ್ತು ಸಲ, ದಿನಕ್ಕೆರಡು ಹೊತ್ತು ಸಾಕು.

ಕೆಲವು ಲಕ್ಷಣಗಳಿಗೆ ಈ ಉಪಾಯ ಸಲ್ಲದು. ಮಂಡಿ ಕೆಂಪಾಗಿ ಬಿಸಿಯಾಗಿ ಜ್ವರ ಬಂದರೆ ಎಣ್ಣೆ ತಿಕ್ಕದೆ ಅಂದೇ ಆಸ್ಪತ್ರೆಗೆ ಹೋಗಬೇಕು. ಮಂಡಿ ಸಿಕ್ಕಿಕೊಂಡು ನೀಡಲಾಗದಿದ್ದರೆ, ಕೈಬೆರಳುಗಳೂ ಊದಿ ಬೆಳಗಿನ ಬಿಗಿತ ಗಂಟೆಗೂ ಮೀರಿದರೆ ಪರೀಕ್ಷೆ ಅಗತ್ಯ. ತೊಡೆಸಂದಿಯಲ್ಲಿ ನೋವಿದ್ದರೆ ದೋಷ ಸೊಂಟದ ಕೀಲಿನದಿರಬಹುದು; ಅಂಥವರು ಬಲವಂತವಾಗಿ ಕಾಲು ಮಡಿಸಬಾರದು. ಕೀಲು ಬದಲಿಸಿಕೊಂಡವರು ಶಸ್ತ್ರವೈದ್ಯರ ಅನುಮತಿಯಿಲ್ಲದೆ ನೆಲದಲ್ಲಿ ಕೂರಬಾರದು.

ಆರು ವಾರಗಳ ಬಳಿಕವೂ ಆ ತಾಯಿಗೆ ಚಕ್ಕಳಮಕ್ಕಳ ಹಾಕಲು ಬರಲಿಲ್ಲ. ಆದರೆ ಉರಿಮೂತ್ರ ನಿಂತಿತು. ದಾಸೋಹದಲ್ಲಿ ಬೆಂಚಿನ ಮೇಲೆ ಕುಳಿತು ಪ್ರಸಾದ ಸ್ವೀಕರಿಸಿ, ಯಾರ ಕೈಯನ್ನೂ ಹಿಡಿಯದೆ ಎದ್ದರು.