ಕೆಲಸ ಹೋದ ಸುದ್ದಿ: ಯಾರಿಗೆ ಹೇಳಬೇಕು, ಏನೆಂದು ಕೇಳಬೇಕು?

ಪುಣೆ: ತಳೇಗಾಂವ್‌ನ ಜನರಲ್ ಮೋಟರ್ಸ್ ಕಾರು ಕಾರ್ಖಾನೆಯಲ್ಲಿ 2020ರ ಡಿಸೆಂಬರ್‌ನಲ್ಲಿ ಉತ್ಪಾದನೆ ನಿಂತಿತು. ಮರುವರ್ಷ ಏಪ್ರಿಲ್‌ನಲ್ಲಿ ಸಾವಿರಕ್ಕೂ ಹೆಚ್ಚು ಕಾರ್ಮಿಕರಿಗೆ ಲೇ-ಆಫ್ ನೋಟಿಸು ಬಂತು. 2025ರಲ್ಲಿ ಹಿಂಜವಡಿಯ ಸಾಫ್ಟ್‌ವೇರ್ ಮಂದಿಯೂ ಕೆಲಸ ಕಡಿತದ ಬಿಸಿ ಕಂಡರು. ಈ ಎರಡೂ ಕಡೆ ದುಡಿಯುವ ಕನ್ನಡಿಗರು ನಮ್ಮಲ್ಲಿ ಕಡಿಮೆಯಿಲ್ಲ. ಆದರೂ ಕೆಲಸ ಹೋದವರು ಎಂದಿನಂತೆ ಡಬ್ಬಿ ಹಿಡಿದು ಬೆಳಿಗ್ಗೆ ಮನೆಯಿಂದ ಹೊರಬೀಳುತ್ತಾರೆಯೇ ಹೊರತು ಸಂಘದ ಯಾರಿಗೂ ಬಾಯಿ ಬಿಡುವುದಿಲ್ಲ. ಊರಿಗೆ ಸುದ್ದಿ ಮುಟ್ಟೀತೆಂಬ ಅಳುಕು, ಮಗಳ ಮದುವೆ ಮಾತುಕತೆ ಕೆಟ್ಟೀತೆಂಬ ಭಯ.

ಹೇಳುವುದಿದ್ದರೂ ಇಬ್ಬರು ಮೂವರು ಆಪ್ತರಿಗಷ್ಟೇ ಹೇಳುತ್ತಾರೆ. ಎಡವಟ್ಟಾಗುವುದು ಇಲ್ಲಿಯೇ. ಅಮೆರಿಕದ ಸಮಾಜಶಾಸ್ತ್ರಜ್ಞ ಮಾರ್ಕ್ ಗ್ರಾನೊವೆಟರ್ ಅವರು ಬಾಸ್ಟನ್ ಬಳಿಯ ನ್ಯೂಟನ್ ಪಟ್ಟಣದಲ್ಲಿ ಪರಿಚಯದವರ ಮೂಲಕ ಕೆಲಸ ಸಿಕ್ಕಿದವರನ್ನು ವಿಚಾರಿಸಿ 1973ರಲ್ಲಿ ಒಂದು ಲೇಖನ ಪ್ರಕಟಿಸಿದರು. ಅಂಥವರಲ್ಲಿ ಆಗಾಗ್ಗೆ ಭೇಟಿಯಾಗುವ ಆಪ್ತರಿಂದ ಸುಳಿವು ಪಡೆದವರು ನೂರಕ್ಕೆ ಸುಮಾರು 17 ಮಂದಿ ಮಾತ್ರ. ವರ್ಷಕ್ಕೊಮ್ಮೆ ಅಥವಾ ಅದಕ್ಕೂ ಅಪರೂಪಕ್ಕೆ ಸಿಗುವವರಿಂದ ಪಡೆದವರು ಸುಮಾರು 28. ಉಳಿದವರಿಗೆ ನೆರವಾದವರು ಆಗೊಮ್ಮೆ ಈಗೊಮ್ಮೆ ಸಿಗುವವರು. ಕಾರಣ ಸರಳ: ಆಪ್ತ ಗೆಳೆಯನಿಗೆ ಗೊತ್ತಿರುವುದು ಬಹುಪಾಲು ನಮಗೂ ಗೊತ್ತಿರುತ್ತದೆ. ದೂರದ ಪರಿಚಯದವರು ಬೇರೆ ಕಾರ್ಖಾನೆಯವರು, ಬೇರೆ ಬಡಾವಣೆಯವರು. ರಾಜ್ಯೋತ್ಸವದ ಊಟದ ಪಂಕ್ತಿಯಲ್ಲಿ ವರ್ಷಕ್ಕೊಮ್ಮೆ ಪಕ್ಕದಲ್ಲಿ ಕೂರುವ ಮಹನೀಯರೇ ಅವರು.

ಆದರೆ ಅವರಿಗೆ ನಮ್ಮ ಕೆಲಸವೇನೆಂದು ಗೊತ್ತಿರುವುದಿಲ್ಲ. 'ಕಂಪನಿಯಲ್ಲಿದ್ದಾರೆ' ಎಂಬಷ್ಟೇ ತಿಳುವಳಿಕೆ. ಅವರ ಮುಂದೆ 'ಯಾವ ಕೆಲಸವಾದರೂ ಸರಿ, ನೋಡಿ ಸಾರ್' ಎಂದರೆ 'ಆಗಲಿ, ನೋಡೋಣ' ಎನ್ನುತ್ತಾರೆ, ಅಲ್ಲಿಗೆ ಮುಗಿಯಿತು. ಯಾವ ಕೆಲಸವಾದರೂ ಎಂದರೆ ಯಾರನ್ನು ಕೇಳಬೇಕೆಂದು ಅವರಿಗೆ ಹೊಳೆಯುವುದೇ ಇಲ್ಲ.

ಚಾಕಣದ ವಾಹನ ಬಿಡಿಭಾಗದ ಕಾರ್ಖಾನೆಯೊಂದರಲ್ಲಿ ಕೆಲಸ ಕಳೆದುಕೊಂಡ ಸದಸ್ಯರೊಬ್ಬರು ವಾಟ್ಸಾಪ್‌ನಲ್ಲಿ ಹೀಗೆ ಬರೆದರೆಂದು ಇಟ್ಟುಕೊಳ್ಳೋಣ:

'ನಮಸ್ಕಾರ. ನಮ್ಮ ಕಾರ್ಖಾನೆ ಒಂದು ಲೈನ್ ಮುಚ್ಚಿದ್ದರಿಂದ ನನ್ನ ಕೆಲಸ ಹೋಗಿದೆ. ಈ ತಿಂಗಳ 30 ಕೊನೆಯ ದಿನ. ಮೆಕ್ಯಾನಿಕಲ್ ಡಿಪ್ಲೊಮಾ ಆಗಿದೆ. ಕ್ವಾಲಿಟಿ ವಿಭಾಗದಲ್ಲಿ 11 ವರ್ಷದ ಅನುಭವ. ಕ್ವಾಲಿಟಿ ಇಂಜಿನಿಯರ್ ಹುದ್ದೆ ಹುಡುಕುತ್ತಿದ್ದೇನೆ, ಚಾಕಣ, ತಳೇಗಾಂವ್ ಅಥವಾ ರಾಂಜಣಗಾಂವ್‌ನಲ್ಲಿ. ಆ ಕಡೆಯ ಕ್ವಾಲಿಟಿ ಮ್ಯಾನೇಜರ್ ಯಾರಾದರೂ ತಮಗೆ ಪರಿಚಯವಿದ್ದರೆ ದಯವಿಟ್ಟು ಇದನ್ನು ಅವರಿಗೆ ಕಳುಹಿಸಿ. ಜಾಗ ಖಾಲಿ ಇಲ್ಲದಿದ್ದರೂ ಅಡ್ಡಿಯಿಲ್ಲ, ಹತ್ತು ನಿಮಿಷ ಮಾತಾಡಿದರೆ ಸಾಕು.'

ಇದರಲ್ಲಿ ಕಂಪನಿಯ ಮೇಲೆ ದೂರಿಲ್ಲ, ಸಾಲದ ಕಂತಿನ ಪ್ರಸ್ತಾಪವೂ ಇಲ್ಲ. 'ಲೈನ್ ಮುಚ್ಚಿದ್ದರಿಂದ' ಎಂಬ ಎರಡು ಪದ ಇವರನ್ನು ತಪ್ಪಿಗಾಗಿ ತೆಗೆದದ್ದಲ್ಲ ಎಂದು ತಿಳಿಸಿಬಿಡುತ್ತವೆ. ಹುದ್ದೆ ಒಂದೇ, ಊರು ಮೂರೇ. ಕೆಲಸ ಕೊಡಿಸಿ ಎಂದು ಕೇಳಿದರೆ ಎಂಥವರಿಗೂ ಮುಜುಗರ. ಅದು ಅವರ ಕೈಯಲ್ಲಿಲ್ಲ. ಒಬ್ಬರಿಗೆ ಸಂದೇಶ ದಾಟಿಸುವುದು ಅವರ ಕೈಯಲ್ಲಿದೆ. ದಾಟಿಸುವಾಗ ಒಂದಕ್ಷರವನ್ನೂ ತಿದ್ದಬೇಕಾಗಿಲ್ಲ, ಆದ್ದರಿಂದ ಅಂದೇ ದಾಟಿಸುತ್ತಾರೆ. ಮ್ಯಾನೇಜರ್ ಕನ್ನಡಿಗರಲ್ಲದಿದ್ದರೆ ಎಂಬುದಕ್ಕಾಗಿ ಇದನ್ನೇ ಇಂಗ್ಲಿಷಿನಲ್ಲೂ ಬರೆದು ಜೊತೆಗೆ ಇಡುವುದು ಮೇಲು.

ಬರೆಯುವ ಮುನ್ನ ಕೈಗೆ ಬಂದ ಕಾಗದವನ್ನು ಸರಿಯಾಗಿ ಓದಿಕೊಳ್ಳಬೇಕು. ಮಾತಿನಲ್ಲಿ ಎಲ್ಲವನ್ನೂ ಲೇ-ಆಫ್ ಎನ್ನುತ್ತೇವೆ. ನಮ್ಮ ಕಾರ್ಮಿಕ ಕಾನೂನಿನಲ್ಲಿ ಲೇ-ಆಫ್ ಎಂದರೆ ಕೆಲಸ ತಾತ್ಕಾಲಿಕವಾಗಿ ಇಲ್ಲ, ಹೆಸರು ಹಾಜರಿ ಪಟ್ಟಿಯಲ್ಲೇ ಇದೆ ಎಂದರ್ಥ. ಅರ್ಹ ಕಾರ್ಮಿಕರಿಗೆ ಮೂಲ ವೇತನ ಮತ್ತು ತುಟ್ಟಿಭತ್ಯೆಯ ಅರ್ಧದಷ್ಟು ಪರಿಹಾರವೂ ಉಂಟು. ಪೂರ್ತಿ ತೆಗೆದುಹಾಕುವುದು ರಿಟ್ರೆಂಚ್‌ಮೆಂಟ್. ತಾತ್ಕಾಲಿಕವಾಗಿ ಕೂರಿಸಿದವರು 'ಕೆಲಸ ಹೋಗಿದೆ' ಎಂದು ಬರೆದರೆ, ಮುಂದೆ ವಿಚಾರಣೆ ಬಂದಾಗ ಮಾತು ತಪ್ಪಿದವರಂತೆ ಕಾಣುತ್ತಾರೆ. ರಾಜೀನಾಮೆಗೆ ಸಹಿ ಹಾಕಿ ಎಂದು ಮಾತುಕತೆ ನಡೆಯುತ್ತಿದ್ದರೆ, ಅದು ಮುಗಿಯುವವರೆಗೆ ತಡೆಯುವುದೇ ಲೇಸು. ಮನೆಯವರಿಗಂತೂ ಮೊದಲೇ ಹೇಳಿರಬೇಕು. ಹೆಂಡತಿಗೆ ಸಂಘದ ಗುಂಪಿನಿಂದ ಸುದ್ದಿ ತಿಳಿಯುವಂತಾಗಬಾರದು.

ಬಹಿರಂಗವಾಗಿ ಹೇಳಿದ್ದಕ್ಕೆ ಒಂದು ಬೆಲೆಯಿದೆ: ವಂಚಕರ ಕರೆ. ಸಂದೇಶ ಎಲ್ಲೆಲ್ಲೋ ಹರಿದಾಡಿ 'ಆಫರ್ ಲೆಟರ್ ತಯಾರಿದೆ, ಡಿಪಾಸಿಟ್ ಕಟ್ಟಿ' ಎನ್ನುವವರು ಹುಟ್ಟಿಕೊಳ್ಳುತ್ತಾರೆ. ಹಣ ಕೇಳಿದ ಕ್ಷಣವೇ ಅದು ಮೋಸವೆಂದು ತಿಳಿದು ಫೋನ್ ಇಡಬೇಕು. ಆಧಾರ್, ಪಾನ್, ಬ್ಯಾಂಕ್ ವಿವರಗಳನ್ನು ಸಂದೇಶದ ಜೊತೆ ಹಾಕಲೇಬಾರದು.

ಎರಡು ವಾರ ಯಾರಿಂದಲೂ ಉತ್ತರ ಬಾರದಿದ್ದರೆ ಅದೇ ಸಂದೇಶವನ್ನು ಮತ್ತೆ ಹಾಕಿ ಫಲವಿಲ್ಲ. ಸಂಘದ ಪರಿಚಿತರಲ್ಲಿ ಆ ಕೈಗಾರಿಕಾ ಪ್ರದೇಶದವರು ಯಾರೆಂದು ನೋಡಿ, ಒಬ್ಬೊಬ್ಬರಿಗೂ ಅವರ ಕಾರ್ಖಾನೆಯ ಹೆಸರು ಹಿಡಿದು ಪ್ರತ್ಯೇಕವಾಗಿ ಕೇಳಬೇಕು. ಪರಿಚಯ ಮಾಡಿಸಿದವರಿಗೆ 'ಅವರೊಡನೆ ಮಾತಾಯಿತು' ಎಂದು ಒಂದು ಸಾಲು ಹಾಕಿದರೆ ಅವರು ಇನ್ನೊಬ್ಬರ ಹೆಸರು ಹೇಳಲು ಹಿಂಜರಿಯುವುದಿಲ್ಲ. ಕೆಲಸ ಸಿಕ್ಕ ದಿನ ಅದನ್ನೂ ಅದೇ ಗುಂಪಿನಲ್ಲಿ ಹಾಕಬೇಕು. ಆಮೇಲೆ ಬರುವ ಖಾಲಿ ಜಾಗದ ಸುದ್ದಿ ಇನ್ನೊಬ್ಬ ಸದಸ್ಯರ ಪಾಲಿಗೆ ಹೋಗುತ್ತದೆ.